ಅಂಗೈಯಲ್ಲಿನ ತಂಬೂರಿ



ಕಳೆದ ಶ್ರಾವಣದಲ್ಲಿ ಒಂದು ಮಧ್ಯಾಹ್ನ, ಬೈಲಹೊಂಗಲದ ನಮ್ಮ ಓಣಿಯ ಕಾಕು ಮೊಬೈಲ್ ಹಿಡಿದುಕೊಂಡು ಬಂದರು. ಅವರಿಗೆ ಐವತ್ತೆಂಟು ವರ್ಷ. ಮಗಳನ್ನು ಮೈಸೂರಿಗೆ ಕೊಟ್ಟಿದ್ದಾರೆ. ಅಲ್ಲಿ ಎಂಟು ವರ್ಷದ ಮೊಮ್ಮಗಳು ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುತ್ತಾಳೆ. ದಸರಾ ಸೂಟಿಗೆ ಊರಿಗೆ ಬಂದಾಗ ಅವಳ ಜೊತೆ ಕೂತು ಸರಳೆ ವರಸೆ ಹಾಡಬೇಕು ಎಂಬುದು ಕಾಕೂನ ಆಸೆ. ಅದಕ್ಕೆಂದು ಮಗಳು ಫೋನಿನಲ್ಲಿ ಎರಡು ಆ್ಯಪ್ ಹಾಕಿಸಿದ್ದಳು. ಒಂದು ಶ್ರುತಿ ಹಿಡಿಯುವುದು, ಇನ್ನೊಂದು ರಾಗಗಳ ಮಾಹಿತಿ ಕೊಡುವುದು.

“ಹದಿನೈದು ದಿವಸ ಆತು ತಂಗಿ. ಕೆಳಗಿನ ಸಾ ಬರ್ತೈತಿ, ಮ್ಯಾಲಿನ ಸಾಕ್ಕ ಹ್ವಾದ್ರ ಗಂಟಲಾ ಕಟ್ಟತೈತಿ. ನಂದು ಮೊದಲಿಂದ್ಲೂ ಗಂಡು ದನಿ. ಇದು ನನ್ನ ಕೈಲೆ ಆಗೂದಲ್ಲ ಬಿಡು,” ಅಂದರು.

ನಾನು ಆ್ಯಪ್ ತೆರೆದು ನೋಡಿದೆ. ಶ್ರುತಿ C ಅಕ್ಷರದ ಮೇಲೆ ನಿಂತಿತ್ತು. ಆ್ಯಪ್ ಮೊದಲ ಸಲ ತೆರೆದಾಗ ಅಲ್ಲಿಯೇ ಇತ್ತಂತೆ, ಕಾಕು ಅದನ್ನು ಮುಟ್ಟಿರಲಿಲ್ಲ. ಅವರ ಗಂಟಲಲ್ಲಿ ದೋಷವೇನೂ ಇರಲಿಲ್ಲ, ಬೇರೆಯವರ ಅಳತೆಯ ಕುಪ್ಪಸ ತೊಟ್ಟಂತಾಗಿತ್ತು, ಅಷ್ಟೇ. ನಮ್ಮ ಕಡೆ ಹಲವರು ಇದೇ ತೊಡಕಿನಲ್ಲಿ ಸಿಕ್ಕಿಕೊಳ್ಳುವುದರಿಂದ, ಈ ಸಲದ ಅಂಕಣವನ್ನು ಶ್ರುತಿ ಇಡುವುದಕ್ಕೆ ಮತ್ತು ರಾಗದ ಪುಟ ಓದುವುದಕ್ಕೆ ಮೀಸಲಿಡುತ್ತೇನೆ.

ಶ್ರುತಿ ಆ್ಯಪ್‌ನಲ್ಲಿ ಇರುವುದೇನು?

ಶ್ರುತಿ ಎಂದರೆ ಹಾಡುವವರ ಹಿಂದೆ ಬಿಡದೆ ನುಡಿಯುತ್ತಿರುವ ಆಧಾರದ ನಾದ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಇದು ಹೊಸದಲ್ಲ. ಜೋಗತಿಯರು ಚೌಡಿಕಿ ಹಿಡಿದು ಹಾಡುವಾಗ ಪಕ್ಕದಲ್ಲಿ ಒಬ್ಬರು ಒಂಟಿ ತಂತಿಯ ವಾದ್ಯವನ್ನು ಟುಂಯ್ ಟುಂಯ್ ಎಂದು ಮೀಟುತ್ತಲೇ ಇರುತ್ತಾರಲ್ಲ, ಅದರ ಹೆಸರೇ ಶ್ರುತಿ. ತತ್ವಪದ ಹಾಡುವವರ ಏಕತಾರಿ ಮಾಡುವುದೂ ಅದೇ ಕೆಲಸ. ಕಛೇರಿಯಲ್ಲಿ ಆ ಕೆಲಸವನ್ನು ತಂಬೂರಿ ಮಾಡುತ್ತದೆ. 1979ರಲ್ಲಿ ಬೆಂಗಳೂರಿನ ಜಿ. ರಾಜನಾರಾಯಣ ಅವರು ವಿದ್ಯುತ್ತಿನಿಂದ ನುಡಿಯುವ ತಂಬೂರಿ ಮಾಡಿದರು. ಆಮೇಲೆ ಸಂಗೀತಗಾರರ ಮಗ್ಗುಲಲ್ಲಿ ಆ ಸಣ್ಣ ಪೆಟ್ಟಿಗೆ ಕಾಣಿಸತೊಡಗಿತು. ಈಗ ಆ ಪೆಟ್ಟಿಗೆ ಮೊಬೈಲಿನೊಳಗೆ ಬಂದಿದೆ.

ಆ್ಯಪ್ ಅಂಗಡಿಯಲ್ಲಿ shruti box ಎಂದೋ tanpura ಎಂದೋ ಬರೆದು ಹುಡುಕಿದರೆ ಬೇಕಾದಷ್ಟು ಬರುತ್ತವೆ. ಹೆಸರು, ಬಣ್ಣ ಬೇರೆಯಾದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಮೊದಲನೆಯದು C, C#, D ಎಂದು ಹನ್ನೆರಡು ಅಕ್ಷರಗಳ ಸಾಲು. ನಿಮ್ಮ ಸಾ ಎಲ್ಲಿರಬೇಕು ಎಂದು ಆರಿಸುವುದು ಅಲ್ಲಿ. ಎರಡನೆಯದು Pa, Ma, Ni ಎಂಬ ಗುಂಡಿ. ತಂಬೂರಿಯ ಮೊದಲ ತಂತಿಗೆ ಯಾವ ಸ್ವರ ಎಂದು ಅದು ಕೇಳುತ್ತದೆ. ಕಲಿಯುವವರು ಅದನ್ನು Pa ಮೇಲಿಟ್ಟು ಮರೆತುಬಿಡಿ. ಮೂರನೆಯದು ಮೀಟುವ ವೇಗ. ನಾಲ್ಕನೆಯದು ಸೂಕ್ಷ್ಮ ಹೊಂದಾಣಿಕೆ. Fine tune ಅಥವಾ cents ಎಂದು ಬರೆದಿರುತ್ತದೆ. ಅದು ಸೊನ್ನೆಯಲ್ಲೇ ಇರಲಿ. ಮನೆಯಲ್ಲಿನ ಹಳೆಯ ಪೇಟಿಗೆ ಶ್ರುತಿ ಕೂಡಿಸಬೇಕಾದಾಗ ಮಾತ್ರ ಅದನ್ನು ಮುಟ್ಟಬೇಕು.

ಮನೆ, ಕಾಳಿ, ಅಕ್ಷರ

ಇಲ್ಲಿ ನಮಗೊಂದು ವಿಶೇಷ ತೊಂದರೆ ಇದೆ. ಮೈಸೂರಿನ ಪಾಠದಲ್ಲಿ “ಐದೂವರೆ ಮನೆ ಶ್ರುತಿ” ಎನ್ನುತ್ತಾರೆ. ನಮ್ಮ ಭಜನಾ ಮೇಳದ ಪೇಟಿ ಮಾಸ್ತರರು “ಕಾಳಿ ನಾಲ್ಕು” ಎನ್ನುತ್ತಾರೆ. ಆ್ಯಪ್ G# ಎಂದು ತೋರಿಸುತ್ತದೆ. ಈ ಮೂರೂ ಒಂದೇ.

ಲೆಕ್ಕ ಸುಲಭ. ಪೇಟಿಯ ಬಿಳಿ ಕೀಗಳು C, D, E, F, G, A, B. ಇವಕ್ಕೆ ಕರ್ನಾಟಕ ಸಂಗೀತದವರು ಒಂದರಿಂದ ಏಳು ಮನೆ ಎನ್ನುತ್ತಾರೆ. ನಡುವಿನ ಕಪ್ಪು ಕೀಗಳು ಅರ್ಧ ಮನೆಗಳು. C# ಒಂದೂವರೆ, D# ಎರಡೂವರೆ, F# ನಾಲ್ಕೂವರೆ, G# ಐದೂವರೆ, A# ಆರೂವರೆ. E ಮತ್ತು F ನಡುವೆ ಕಪ್ಪು ಕೀ ಇಲ್ಲವಾದ್ದರಿಂದ ಮೂರೂವರೆ ಎಂಬುದೂ ಇಲ್ಲ. ಹಿಂದೂಸ್ತಾನಿಯವರು ಕಪ್ಪನ್ನು ಕಪ್ಪಾಗಿ, ಬಿಳಿಯನ್ನು ಬಿಳಿಯಾಗಿ ಬೇರೆ ಬೇರೆ ಎಣಿಸುತ್ತಾರೆ. ಹಾಗಾಗಿ C# ಕಾಳಿ ಒಂದು, D# ಕಾಳಿ ಎರಡು, F# ಕಾಳಿ ಮೂರು, G# ಕಾಳಿ ನಾಲ್ಕು, A# ಕಾಳಿ ಐದು. ಈ ನಾಲ್ಕು ಸಾಲನ್ನು ಒಂದು ಚೀಟಿಯಲ್ಲಿ ಬರೆದು ಮೊಬೈಲ್ ಕವರಿನ ಹಿಂದೆ ಇಟ್ಟುಕೊಳ್ಳಿ. ಯಾರು ಯಾವ ಭಾಷೆಯಲ್ಲಿ ಹೇಳಿದರೂ ದಾರಿ ತಪ್ಪುವುದಿಲ್ಲ.

ನಿಮ್ಮ ಶ್ರುತಿ ಯಾವುದು?

ಹೆಂಗಸರು ಸಾಮಾನ್ಯವಾಗಿ ಐದು ಅಥವಾ ಐದೂವರೆ ಮನೆಯ ಆಸುಪಾಸಿನಲ್ಲಿ, ಅಂದರೆ G ಅಥವಾ G#ಗೆ ಹಾಡುತ್ತಾರೆ. ಅದು ವಾಡಿಕೆ, ಕಾನೂನಲ್ಲ. ನಿಮ್ಮದನ್ನು ನೀವೇ ಹುಡುಕಬೇಕು. ಎದ್ದ ಕೂಡಲೇ ಬೇಡ, ಊಟವಾದ ಮೇಲೆಯೂ ಬೇಡ. ಬೆಳಗಿನ ಕೆಲಸ ಒಂದು ಹಂತಕ್ಕೆ ಬಂದ ಮೇಲೆ, ಉಗುರುಬೆಚ್ಚಗಿನ ನೀರು ಕುಡಿದು ಕೂಡಿರಿ.

ಮೊದಲು G# ಇಡಿ. ನಾದ ಒಂದು ನಿಮಿಷ ಕಿವಿಗೆ ತುಂಬಲಿ. ಆಮೇಲೆ ಬಾಯಿ ತೆರೆದು ‘ಅ’ಕಾರದಲ್ಲಿ ಸಾ ಹಿಡಿಯಿರಿ. ಅಲ್ಲಿಂದ ಮೆಲ್ಲಗೆ ಮೇಲಿನ ಸಾಕ್ಕೆ ಹತ್ತಿರಿ. ಅಲ್ಲಿ ಹತ್ತು ಎಣಿಸುವವರೆಗೆ ನಿಲ್ಲಬೇಕು. ಗದ್ದ ಮೇಲಕ್ಕೆತ್ತಿದರೆ, ಕುತ್ತಿಗೆಯ ನರ ಉಬ್ಬಿದರೆ, ದನಿ ದಾರದಂತೆ ತೆಳ್ಳಗಾದರೆ ಶ್ರುತಿ ನಿಮಗೆ ಎತ್ತರವಾಯಿತೆಂದು ತಿಳಿಯಿರಿ. ಅರ್ಧ ಮನೆ ಇಳಿಸಿ. ಸರಿ ಬಂದರೆ ಇನ್ನೊಂದು ಪರೀಕ್ಷೆ. ಸಾದಿಂದ ಕೆಳಗಿಳಿದು ಮಂದ್ರದ ಪಾ ಮುಟ್ಟಿ. ಅಲ್ಲಿ ದನಿ ಹೋಗಿ ಬರೀ ಉಸಿರು ಕೇಳಿಸಿದರೆ ಶ್ರುತಿ ತಗ್ಗಾಯಿತು. ಅರ್ಧ ಮನೆ ಏರಿಸಿ. ಎರಡೂ ತುದಿ ಒಪ್ಪುವ ಜಾಗವೇ ನಿಮ್ಮ ಶ್ರುತಿ.

ಕಾಕೂಗೆ ಹೀಗೇ ಮಾಡಿಸಿದೆ. C ಇಟ್ಟಾಗ ಅವರ ಕೆಳಗಿನ ಸಾ ಮಾತಾಡುವ ದನಿಗಿಂತ ಎತ್ತರದಲ್ಲಿತ್ತು, ಮೇಲಿನ ಸಾ ಕೈಗೆ ಸಿಗುವ ಮಾತೇ ಇರಲಿಲ್ಲ. G#ಗೆ ಇಳಿಸಿದಾಗ ಮೇಲಿನ ಸಾ ಬಂತು, ಆದರೆ ನಾಲ್ಕು ಎಣಿಸುವಷ್ಟರಲ್ಲಿ ನಡುಗಿತು. Gಗೆ ಇಟ್ಟಾಗ ನಿಂತಿತು, ಆದರೂ ಗದ್ದ ಮೇಲೆದ್ದಿತು. F#ಗೆ ಇಟ್ಟಾಗ ಕಣ್ಣು ಮುಚ್ಚಿಕೊಂಡು ಹತ್ತು ಎಣಿಸುವ ತನಕ ನಿಂತರು, ಕೆಳಗಿನ ಪಾ ಕೂಡ ಗುಂಯ್ ಎಂದು ಕೇಳಿತು. “ಇಷ್ಟs ಏನ?” ಅಂದರು. ಇಷ್ಟೇ. ಕಾಕೂನ ಶ್ರುತಿ ನಾಲ್ಕೂವರೆ ಮನೆ, ಕಾಳಿ ಮೂರು.

“ಗಂಡು ದನಿ” ಎಂದು ಹಿಂಜರಿಯುವವರಿಗೆ ಒಂದು ಮಾತು. ಗಂಗೂಬಾಯಿ ಹಾನಗಲ್ಲರ ದನಿ ಎಳೆಯ ವಯಸ್ಸಿನಲ್ಲಿ ತೆಳ್ಳಗಿತ್ತು. ಗಂಟಲಿಗೆ ಚಿಕಿತ್ಸೆಯಾದ ಮೇಲೆ ಅದು ದಪ್ಪವಾಗಿ ತಗ್ಗಿಗೆ ಇಳಿಯಿತು. ಅವರು ಆ ದನಿಯನ್ನು ಎತ್ತರಕ್ಕೆ ಎಳೆಯದೆ, ಅದು ಇದ್ದಲ್ಲಿಯೇ ಹಾಡಿದರು. ಶ್ರುತಿಯನ್ನು ದನಿಗೆ ಹೊಂದಿಸಬೇಕೇ ಹೊರತು ದನಿಯನ್ನು ಶ್ರುತಿಗೆ ಹಿಂಡಬಾರದು.

ಕೂಡಿತೋ ಇಲ್ಲವೋ ತಿಳಿಯುವುದು ಹೇಗೆ?

ಶ್ರುತಿ ಇಟ್ಟ ಮಾತ್ರಕ್ಕೆ ದನಿ ಕೂಡಿತೆಂದಲ್ಲ. ಅದನ್ನು ಕಿವಿಯೇ ಹೇಳಬೇಕು, ಮತ್ತು ಹೇಳುತ್ತದೆ. F# ಇಟ್ಟಾಗ ಸಾ ಎಂಬ ನಾದ ಸೆಕೆಂಡಿಗೆ ಸುಮಾರು 185 ಸಲ ಕಂಪಿಸುತ್ತದೆ. ನಿಮ್ಮ ದನಿ 182ರಲ್ಲಿ ನಿಂತಿತೆನ್ನಿ. ಆಗ ಎರಡೂ ಸೇರಿ ಸೆಕೆಂಡಿಗೆ ಮೂರು ಸಲ ‘ವಂ-ವಂ-ವಂ’ ಎಂದು ಅಲೆ ಎದ್ದಂತೆ ಕೇಳಿಸುತ್ತದೆ. ನೀವು ಹತ್ತಿರವಾದಂತೆ ಆ ಅಲೆ ನಿಧಾನವಾಗುತ್ತದೆ. ಪೂರ್ತಿ ಕೂಡಿದಾಗ ಅಲೆ ನಿಂತುಹೋಗಿ, ಹಾಲಿನಲ್ಲಿ ಸಕ್ಕರೆ ಕರಗಿದಂತೆ ನಿಮ್ಮ ದನಿ ನಾದದೊಳಗೆ ಕರಗುತ್ತದೆ. ಮೊದಲ ವಾರ ಬೇರೇನೂ ಹಾಡದೆ, ಬರೀ ಸಾ ಮತ್ತು ಪಾ ಹಿಡಿದು ಈ ಅಲೆಯನ್ನು ನಿಲ್ಲಿಸುವುದನ್ನೇ ಕಲಿಯಿರಿ. ಹತ್ತು ನಿಮಿಷ ಸಾಕು.

ಇದಕ್ಕೆ ನಾದ ಸರಿಯಾಗಿ ಕೇಳಬೇಕು. ಮೊಬೈಲಿನ ಪುಟ್ಟ ಸ್ಪೀಕರಿಗೆ ಮಂದ್ರದ ಸಾ ನುಡಿಸುವ ಕಸುವಿಲ್ಲ. ತಗ್ಗಿನ ನಾದ ಸೋರಿಹೋಗಿ ಮೇಲಿನ ಕಿಣಿಕಿಣಿ ಮಾತ್ರ ಉಳಿಯುತ್ತದೆ. ಅದನ್ನು ಹಿಡಿದು ಹಾಡಿದರೆ ದನಿ ತಾನಾಗಿ ಮೇಲಕ್ಕೆ ಜಾರುತ್ತದೆ. ಆದ್ದರಿಂದ ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿ, ಇನ್ನೊಂದು ಕಿವಿ ನಿಮ್ಮ ದನಿ ಕೇಳಲು ಬಿಟ್ಟಿರಿ. ಇಲ್ಲವೇ ಫೋನಿಗೆ ಒಂದು ಸಣ್ಣ ಸ್ಪೀಕರ್ ಜೋಡಿಸಿ. ಸದ್ದು ಹೆಚ್ಚು ಇಡಬೇಡಿ. ನೀವು ಹಾಡುವಾಗ ಹಿಂದೆ ಕೇಳಿಸಬೇಕು, ನಿಲ್ಲಿಸಿದಾಗ ಎದ್ದು ಕಾಣಬೇಕು, ಅಷ್ಟು. ಜೋರಾಗಿ ಇಟ್ಟರೆ ನಿಮ್ಮ ತಪ್ಪು ಅದರೊಳಗೆ ಮುಚ್ಚಿಹೋಗುತ್ತದೆ.

ರಾಮದುರ್ಗದಲ್ಲಿ ನನ್ನ ನಾದಿನಿಯ ಮನೆಯ ಪಕ್ಕದಲ್ಲಿ ವಿದ್ಯುತ್ ಮಗ್ಗಗಳಿವೆ. “ಮಗ್ಗ ನಡದಾಗ ಶ್ರುತಿ ಕೂಡೂದs ಇಲ್ರಿ ವೈನಿ” ಎನ್ನುತ್ತಾಳೆ. ಅದು ನಿಜ. ಮಗ್ಗದ ಮೋಟರಿಗೆ, ಫ್ರಿಜ್ಜಿಗೆ, ಹಳೆಯ ಟ್ಯೂಬ್‌ಲೈಟಿಗೆ ತಮ್ಮದೇ ಒಂದು ಗುಂಯ್‌ಗುಡುವ ಶ್ರುತಿ ಇರುತ್ತದೆ, ಕಿವಿ ಗೊತ್ತಿಲ್ಲದೆ ಅದಕ್ಕೆ ಜೋತುಬೀಳುತ್ತದೆ. ಅವಳು ಈಗ ಮಗ್ಗ ಶುರುವಾಗುವ ಮೊದಲೇ ಕೂಡುತ್ತಾಳೆ. ನೀವೂ ಕೂಡುವಾಗ ಫ್ರಿಜ್ಜಿನಿಂದ ದೂರ ಕೂಡಿರಿ.

ಇನ್ನೆರಡು ಸಣ್ಣ ಮಾತು. ಪರದೆ ಕಪ್ಪಾದ ಕೂಡಲೇ ನಾದ ನಿಂತರೆ ಆ್ಯಪ್ ಕೆಟ್ಟಿದೆ ಎನ್ನಬೇಡಿ. ಬ್ಯಾಟರಿ ಉಳಿಸಲು ಫೋನೇ ಅದನ್ನು ಮಲಗಿಸಿರುತ್ತದೆ; ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿ ಕಟ್ಟುಪಾಡು ತೆಗೆಯಲು ಮಕ್ಕಳಿಗೆ ಹೇಳಿ. ಹಾಗೆಯೇ, ನಾದ ನುಡಿಸಲು ಇಂಟರ್‌ನೆಟ್ ಬೇಡದ ಆ್ಯಪ್‌ಗಳನ್ನೇ ಆರಿಸಿಕೊಳ್ಳಿ. ಆಗ ಫೋನನ್ನು ವಿಮಾನದ ಚಿತ್ರವಿರುವ ಗುಂಡಿಗೆ ಹಾಕಿ ಕೂತರೆ, ನಡುವೆ ಯಾರ ಕರೆಯೂ ಬಾರದು.

ರಾಗದ ಪುಟ ಓದುವಾಗ ಎಚ್ಚರ

ಶ್ರುತಿ ಸಿಕ್ಕಿತು. ಎರಡು ವಾರದ ಮೇಲೆ ಕಾಕು ಮತ್ತೆ ಮುಖ ಸಣ್ಣದು ಮಾಡಿಕೊಂಡು ಬಂದರು. ಈ ಸಲ ರಾಗದ ಆ್ಯಪ್‌ನ ಸರದಿ.

ಕರ್ನಾಟಕ ಸಂಗೀತದ ಮೊದಲ ಪಾಠ ಮಾಯಾಮಾಳವಗೌಳ ರಾಗದಲ್ಲಿ. ಹೀಗೆ ಕಲಿಸುವ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಪರಂಪರೆ ಹೇಳುತ್ತದೆ. ಆ್ಯಪ್‌ನಲ್ಲಿ ಆ ರಾಗ ತೆರೆದರೆ S R1 G3 M1 P D1 N3 S ಎಂದು ಕಾಣುತ್ತದೆ. ಕೆಳಗೆ ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ ಎಂದು ಬರೆದಿರುತ್ತದೆ. ಕಾಕು ಇದನ್ನು ಚೀಟಿಯಲ್ಲಿ ಬರೆದುಕೊಂಡು ಮೇಳದ ಪೇಟಿ ಮಾಸ್ತರರ ಹತ್ತಿರ ಹೋದರು. ಅವರು ಹಿಂದೂಸ್ತಾನಿ ಕಲಿತವರು, ಒಳ್ಳೆಯ ಕೈ. ಚೀಟಿಯಲ್ಲಿ “ಶುದ್ಧ ರಿಷಭ, ಶುದ್ಧ ಧೈವತ” ಎಂದು ಇದ್ದುದರಿಂದ ಹಾಗೆಯೇ ನುಡಿಸಿದರು. ಕಾಕು ನಾಲ್ಕು ದಿನ ಅದನ್ನೇ ಹಾಡಿದರು. ಮೈಸೂರಿಗೆ ಫೋನ್ ಮಾಡಿ ಹಾಡಿ ತೋರಿಸಿದರೆ ಮೊಮ್ಮಗಳು, “ಅಜ್ಜಿ, ಇದು ಮಾಯಾಮಾಳವಗೌಳ ಅಲ್ಲ, ಶಂಕರಾಭರಣ!” ಎಂದು ನಕ್ಕಳಂತೆ.

ಮಾಸ್ತರರದೂ ತಪ್ಪಿಲ್ಲ, ಆ್ಯಪ್‌ನದೂ ತಪ್ಪಿಲ್ಲ. ‘ಶುದ್ಧ’ ಎಂಬ ಮಾತಿಗೆ ಎರಡು ಪದ್ಧತಿಯಲ್ಲಿ ಎರಡು ಅರ್ಥ. ಹಿಂದೂಸ್ತಾನಿಯಲ್ಲಿ ಶುದ್ಧ ರೇ ಎಂದರೆ ಎತ್ತರದ ರಿ, ತಗ್ಗಿನದಕ್ಕೆ ಕೋಮಲ ಎನ್ನುತ್ತಾರೆ. ಕರ್ನಾಟಕ ಪದ್ಧತಿಯಲ್ಲಿ ಶುದ್ಧ ರಿಷಭವೇ ತಗ್ಗಿನ ರಿ, ಎತ್ತರದ್ದಕ್ಕೆ ಚತುಶ್ರುತಿ ಎಂಬ ಹೆಸರು. ಧೈವತಕ್ಕೂ ಹೀಗೆಯೇ. ಆದ್ದರಿಂದ ನಮ್ಮ ಕಡೆಯ ಪೇಟಿ ನುಡಿಸುವವರಿಗೆ ಕೇಳುವಾಗ “ಕೋಮಲ ರಿ, ಕೋಮಲ ಧಾ, ಉಳಿದದ್ದೆಲ್ಲ ಶುದ್ಧ” ಎನ್ನಬೇಕು. ಇಲ್ಲವೇ “ಭೈರವದ ಸ್ವರ ನುಡಿಸ್ರಿ” ಎಂದರೂ ಸಾಕು. ಹಿಂದೂಸ್ತಾನಿಯ ಭೈರವಕ್ಕೂ ಮಾಯಾಮಾಳವಗೌಳಕ್ಕೂ ಸ್ವರಗಳು ಒಂದೇ.

ಹೆಸರಿನ ಗೊಂದಲವೇ ಬೇಡವೆನ್ನುವವರಿಗೆ ಕೀ ಎಣಿಸುವ ದಾರಿ ಇದೆ. ಸಾ ಇರುವ ಕೀ ಬಿಟ್ಟು, ಕಪ್ಪು ಬಿಳುಪು ಎನ್ನದೆ ಪ್ರತಿಯೊಂದನ್ನೂ ಮೇಲಕ್ಕೆ ಎಣಿಸಿ. ಮಾಯಾಮಾಳವಗೌಳದಲ್ಲಿ ಒಂದನೆಯದು ರಿ, ನಾಲ್ಕನೆಯದು ಗ, ಐದನೆಯದು ಮ, ಏಳನೆಯದು ಪ, ಎಂಟನೆಯದು ಧ, ಹನ್ನೊಂದನೆಯದು ನಿ, ಹನ್ನೆರಡನೆಯದು ಮೇಲಿನ ಸಾ. ಕಾಕೂನ ಕಾಳಿ ಮೂರರಿಂದ ಎಣಿಸಿದರೆ F#, G, A#, B, C#, D, F, F# ಆಗುತ್ತದೆ. ಹಾಡಿದ ಮೇಲೆ ಪರೀಕ್ಷೆಯೂ ಸುಲಭ. ಸಾದ ಮಗ್ಗುಲಲ್ಲೇ ರಿ ಅಂಟಿಕೊಂಡಿರಬೇಕು, ರಿಯಿಂದ ಗಕ್ಕೆ ಒಂದು ದೊಡ್ಡ ಜಿಗಿತವಿರಬೇಕು. ಧದಿಂದ ನಿಗೂ ಅದೇ ಜಿಗಿತ. ಮೆಟ್ಟಿಲೆಲ್ಲ ಸಮನಾಗಿ ಸಿಕ್ಕರೆ ನೀವು ಎಲ್ಲೋ ಶಂಕರಾಭರಣಕ್ಕೆ ಹೋಗಿದ್ದೀರಿ.

ರಾಗಗಳ ಹೆಸರಿನಲ್ಲಿಯೂ ಇಂಥದೇ ಬಲೆಗಳಿವೆ. ಕರ್ನಾಟಕದ ತೋಡಿಯ ಸ್ವರಗಳು ನಮ್ಮ ಕಡೆ ಎಲ್ಲರೂ ಕೇಳಿ ಬಲ್ಲ ಭೈರವಿಯವು. ಹಿಂದೂಸ್ತಾನಿ ತೋಡಿಯ ಸ್ವರಗಳಿಗೆ ಅಲ್ಲಿ ಶುಭಪಂತುವರಾಳಿ ಎನ್ನುತ್ತಾರೆ. ಕರ್ನಾಟಕದ ಹಿಂದೋಳ ನಮ್ಮ ಮಾಲಕೌಂಸದ ಸ್ವರಗಳುಳ್ಳದ್ದು. ಆದ್ದರಿಂದ ಆ್ಯಪ್‌ನಲ್ಲಿ ರಾಗ ಹುಡುಕುವಾಗ ಹೆಸರು ಕಂಡ ಕೂಡಲೇ ಹಾಡಲು ಕೂಡಬೇಡಿ. ಅದು ಯಾವ ಪದ್ಧತಿಯ ಆ್ಯಪ್ ಎಂದು ನೋಡಿ, ಸ್ವರಗಳ ಸಾಲು ಓದಿ. ಸ್ವರದ ಪಕ್ಕದಲ್ಲಿ R1, R2 ಎಂದು ಅಂಕಿ ಇದ್ದರೆ ಸಾಧಾರಣವಾಗಿ ಕರ್ನಾಟಕ ಪದ್ಧತಿ. ಕೋಮಲ, ತೀವ್ರ ಎಂಬ ಮಾತುಗಳಿದ್ದರೆ ಹಿಂದೂಸ್ತಾನಿ.

ಎರಡು ಪದ್ಧತಿ ಕೂಡುವ ಈ ಜಾಗ ನಮಗೆ ಹೊಸದೂ ಅಲ್ಲ. ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಧಾರವಾಡದ ಹತ್ತಿರದ ಮನಸೂರಿನ ಮಲ್ಲಿಕಾರ್ಜುನ ಮನಸೂರರೂ ಮೊದಲು ಕರ್ನಾಟಕ ಸಂಗೀತವನ್ನೇ ಕಲಿತು ಆಮೇಲೆ ಹಿಂದೂಸ್ತಾನಿಗೆ ಹೋದವರು.

ಆ್ಯಪ್‌ಗೆ ಆಗದ್ದು

ರಾಗದ ಪುಟದಲ್ಲಿ ಆರೋಹಣ, ಅವರೋಹಣ ಎಂದು ಎರಡು ಸಾಲು ಇರುತ್ತದೆ. ಎರಡನ್ನೂ ಓದುವ ರೂಢಿ ಮಾಡಿಕೊಳ್ಳಿ. ಸರಳೆ, ಜಂಟಿ, ಅಲಂಕಾರಗಳು ಮುಗಿದ ಮೇಲೆ ಮೊದಲ ಗೀತೆಗಳು ಬರುವುದು ಮಲಹರಿ ರಾಗದಲ್ಲಿ. ಅದರ ಏರಿಕೆ S R1 M1 P D1 S, ಇಳಿಕೆ S D1 P M1 G3 R1 S. ನಿಷಾದ ಎಲ್ಲಿಯೂ ಇಲ್ಲ. ಗಾಂಧಾರ ಹತ್ತುವಾಗ ಇಲ್ಲ, ಇಳಿಯುವಾಗ ಮಾತ್ರ ಬರುತ್ತದೆ. ಸರಳೆ ಹಾಡಿ ಹಾಡಿ ಬಾಯಿ ಗಕ್ಕೆ ಒಗ್ಗಿರುವುದರಿಂದ ಎಲ್ಲರೂ ಹತ್ತುವಾಗಲೂ ಅದನ್ನು ತುರುಕುತ್ತಾರೆ. ಇಂಥ ತಪ್ಪು ತಡೆಯಲು ರಾಗದ ಪುಟ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಆದರೆ ಸ್ವರಗಳ ಪಟ್ಟಿ ರಾಗವಲ್ಲ, ಅಡಿಗೆಯ ಸಾಮಾನಿನ ಚೀಟಿ ಸಾರು ಆಗದಲ್ಲ, ಹಾಗೆ. ಭೈರವ ಮತ್ತು ಮಾಯಾಮಾಳವಗೌಳಕ್ಕೆ ಸಾಮಾನು ಒಂದೇ ಆದರೂ ರುಚಿ ಬೇರೆ. ಒಂದು ಸ್ವರ ಎಲ್ಲಿ ನಿಲ್ಲಬೇಕು, ಎಲ್ಲಿ ತೂಗಬೇಕು, ಯಾವ ಸ್ವರದ ನೆರಳು ತಾಗಿಸಿಕೊಂಡು ಬರಬೇಕು ಎಂಬುದಕ್ಕೆ ಗಮಕ ಎನ್ನುತ್ತಾರೆ. ಆ್ಯಪ್‌ನಲ್ಲಿ ಸ್ವರಗಳನ್ನು ಒತ್ತಿದರೆ ಅವು ಪೇಟಿಯಂತೆ ಚಪ್ಪಟೆಯಾಗಿ ನುಡಿಯುತ್ತವೆ. ಸರಳೆಗೆ ಅದು ನಡೆದೀತು, ಏಕೆಂದರೆ ಅಲ್ಲಿ ಸ್ವರಗಳನ್ನು ನೇರವಾಗಿಯೇ ಹಾಡುವುದು. ಕೀರ್ತನೆಯನ್ನು ಹಾಗೆ ಕಲಿತರೆ ಹಾಡು ಅಡ್ಡಡ್ಡ ಕೊಯ್ದ ಕಟ್ಟಿಗೆಯಾಗುತ್ತದೆ.

ಹಾಡುವಾಗ ನಿಮ್ಮ ದನಿಯನ್ನು ಗೆರೆಯಾಗಿ ತೋರಿಸುವ ಆ್ಯಪ್‌ಗಳೂ ಇವೆ. ಅವುಗಳಲ್ಲಿ ಎರಡು ಮಾತು ನೆನಪಿಡಿ. ಸ್ಪೀಕರಿನಲ್ಲಿ ಶ್ರುತಿ ಇಟ್ಟು ಹಾಡಿದರೆ, ಆ ನಾದವೂ ಮೈಕಿನೊಳಗೆ ಹೊಕ್ಕು ಗೆರೆ ಸುಳ್ಳು ಹೇಳುತ್ತದೆ; ಆಗ ಇಯರ್‌ಫೋನೇ ಬೇಕು. ಇನ್ನು ಗೆರೆಯನ್ನೇ ನೋಡುತ್ತ ಹಾಡಿದರೆ ಕಣ್ಣು ತಿದ್ದುತ್ತದೆ, ಕಿವಿ ಕಲಿಯುವುದಿಲ್ಲ. ಮೊದಲು ಕಣ್ಣು ಮುಚ್ಚಿ ಹಾಡಿ, ಕೂಡಿತು ಎನ್ನಿಸಿದ ಮೇಲೆ ಕಣ್ಣು ತೆರೆದು ಗೆರೆ ನೋಡಿ. ಪರೀಕ್ಷೆಗೆ ಅದು ಒಳ್ಳೆಯದು, ಪಾಠಕ್ಕಲ್ಲ.

ಗಂಟಲು ಬಿಗಿಯಾಗಿದೆ, ಉಸಿರು ಎದೆಯ ಮೇಲ್ಭಾಗದಿಂದ ಬರುತ್ತಿದೆ ಎಂದು ಯಾವ ಗೆರೆಯೂ ಹೇಳದು. ಅದಕ್ಕೆ ಎದುರಿಗೆ ಕೂತ ಮನುಷ್ಯರೇ ಬೇಕು. ಕಿತ್ತೂರಿನ ನನ್ನ ಗೆಳತಿಯೊಬ್ಬಳು ದಿನಾ ಮನೆಯಲ್ಲಿ ಆ್ಯಪ್ ಇಟ್ಟು ಹಾಡುತ್ತಾಳೆ, ತಿಂಗಳಿಗೆ ಎರಡು ಸಲ ಬಸ್ ಹತ್ತಿ ಧಾರವಾಡಕ್ಕೆ ಹೋಗಿ ಒಬ್ಬ ಬಾಯಿಯವರ ಮುಂದೆ ಹಾಡಿ ಬರುತ್ತಾಳೆ. ಅವರು ಹಿಂದೂಸ್ತಾನಿಯವರು. ಆದರೂ ಶ್ರುತಿ, ಉಸಿರು, ಬಾಯಿ ತೆರೆಯುವ ರೀತಿ ಇವಕ್ಕೆ ಪದ್ಧತಿಯ ಭೇದವಿಲ್ಲ. ಹಾಡಿನ ಗಮಕಕ್ಕೆ ಮಾತ್ರ ಕರ್ನಾಟಕ ಪದ್ಧತಿಯವರನ್ನೇ ಹುಡುಕಬೇಕು.

ಅಜ್ಜಿ, ಮೊಮ್ಮಗಳು, ಒಂದೇ ಶ್ರುತಿ

ದಸರೆ ಬಂತು, ಮೊಮ್ಮಗಳೂ ಬಂದಳು. ಆಗ ಕೊನೆಯ ತೊಡಕು. ಅವಳ ಶ್ರುತಿ ಆರು ಮನೆ, ಅಂದರೆ A. ಕಾಕೂನದು ನಾಲ್ಕೂವರೆ. ಇಬ್ಬರೂ ಒಟ್ಟಿಗೆ ಹಾಡುವುದು ಹೇಗೆ? ಹುಡುಗಿ ತನ್ನ ಶ್ರುತಿ ಇಟ್ಟರೆ ಅಜ್ಜಿಯ ಗಂಟಲು ಮತ್ತೆ ಕಟ್ಟಿತು. ಅಜ್ಜಿಯ ಶ್ರುತಿಗೆ ಹುಡುಗಿಯ ಕೆಳಗಿನ ಸಾ ಗಾಳಿಯಾಯಿತು.

ನಾನು G ಇಡಲು ಹೇಳಿದೆ. ಅದು ಅಜ್ಜಿಗೆ ಅರ್ಧ ಮನೆ ಹೆಚ್ಚು, ಮೊಮ್ಮಗಳಿಗೆ ಒಂದು ಮನೆ ಕಡಿಮೆ. ಹಾಡು ಹೇಳುವುದಾದರೆ ಇದು ನಡೆಯುತ್ತಿರಲಿಲ್ಲ. ಹಾಡಿಗೆ ಮಂದ್ರಕ್ಕೂ ಇಳಿಯಬೇಕು, ಮೇಲಿನ ಸಾ ದಾಟಿಯೂ ಹೋಗಬೇಕು. ಸರಳೆ ವರಸೆಯ ಮೊದಲ ಪಾಠಗಳು ಕೆಳಗಿನ ಸಾದಿಂದ ಮೇಲಿನ ಸಾವರೆಗೆ ಮಾತ್ರ. ಅದರೊಳಗೆ ಹತ್ತು ನಿಮಿಷ ಇಬ್ಬರಿಗೂ ತ್ರಾಸವಿಲ್ಲ. ಅದಕ್ಕಿಂತ ಹೆಚ್ಚು ಹೊತ್ತು ಬೇಡ ಎಂದೂ ಹೇಳಿದೆ. ಆಮೇಲೆ ಅವರವರ ಸಾಧನೆ ಅವರವರ ಶ್ರುತಿಗೆ.

ಆಯುಧ ಪೂಜೆಯ ಮುಂಜಾನೆ ಕಾಕೂನ ಮನೆಯ ಪಡಸಾಲೆಯಲ್ಲಿ ಇಬ್ಬರೂ ಕೂತಿದ್ದರು. ಹುಡುಗಿ ತೊಡೆಯ ಮೇಲೆ ಆದಿತಾಳ ಹಾಕುತ್ತಿದ್ದಳು, ಅಜ್ಜಿ ಒಂದು ಎಣಿಕೆ ಹಿಂದೆ ಬೀಳುತ್ತಿದ್ದರು. ಮೇಲಿನ ಸಾ ಬಂದಾಗ ಕಾಕೂನ ಗದ್ದ ಒಂಚೂರು ಮೇಲೆದ್ದಿತು. ಹುಡುಗಿ ಹಾಡುತ್ತಲೇ ಕೈಚಾಚಿ ಅದನ್ನು ಮೆಲ್ಲಗೆ ಕೆಳಗೆ ಒತ್ತಿದಳು. ದನಿ ನಿಂತಿತು.

ನೀವೂ ನಿಮ್ಮ ಶ್ರುತಿ ಹುಡುಕಿ, ಯಾವ ಮನೆ ಸಿಕ್ಕಿತೆಂದು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ತಾಳದ ಎಣಿಕೆಯ ಮಾತು ನೋಡೋಣ.